ಒಂದೇ ತೂಕದ ನಾಲ್ಕು ಅಣುಗಳು

ಫೆನಾಸಿಲ್ ಕ್ಲೋರೈಡ್ ಎಂಬ ವಸ್ತುವಿನ ಆವಿ ಸ್ವಲ್ಪ ಸೋಕಿದರೂ ಸಾಕು, ಕಣ್ಣು ಉರಿದು ನೀರು ಧಾರೆಯಾಗಿ ಇಳಿಯುತ್ತದೆ. ಕಳೆದ ಶತಮಾನದಲ್ಲಿ ಅನೇಕ ದೇಶಗಳ ಪೊಲೀಸರು ಜನರನ್ನು ಚದುರಿಸಲು ಬಳಸಿದ ಅಶ್ರುವಾಯು ಇದೇ. CN ಎಂಬುದು ಅದರ ಸಂಕೇತನಾಮ. 1960ರ ದಶಕದಲ್ಲಿ ಅಮೆರಿಕದಲ್ಲಿ ಆತ್ಮರಕ್ಷಣೆಗೆಂದು ಬಂದ 'ಮೇಸ್' ಎಂಬ ಸ್ಪ್ರೇ ಡಬ್ಬಿಯಲ್ಲೂ ಮೊದಲು ಇದ್ದದ್ದು ಇದು. ಇಂಥ ವಸ್ತುಗಳನ್ನು ಯುದ್ಧದಲ್ಲಿ ಆಯುಧವಾಗಿ ಬಳಸುವುದನ್ನು ರಾಸಾಯನಿಕ ಅಸ್ತ್ರಗಳ ಅಂತರರಾಷ್ಟ್ರೀಯ ಒಪ್ಪಂದ ನಿಷೇಧಿಸಿದೆ.

ಈಗ ಇನ್ನೊಂದು ವಸ್ತು: 4-ಕ್ಲೋರೋಅಸಿಟೋಫಿನೋನ್. ಬೇರೆ ಸಂಯುಕ್ತಗಳನ್ನು ತಯಾರಿಸುವಾಗ ಕಚ್ಚಾವಸ್ತುವಾಗಿ ಬಳಸುವ ಇದು ರಸಾಯನ ಪ್ರಯೋಗಾಲಯಗಳಲ್ಲಿ ಸಾಮಾನ್ಯ. ಇವೆರಡರ ಜೊತೆಗೆ 4-ಮೀಥೈಲ್‌ಬೆಂಜಾಯ್ಲ್ ಕ್ಲೋರೈಡ್ ಮತ್ತು ಫಿನೈಲ್‌ಅಸಿಟೈಲ್ ಕ್ಲೋರೈಡ್ ಎಂಬ ಇನ್ನೆರಡನ್ನು ಸೇರಿಸಿಕೊಳ್ಳೋಣ. ನಾಲ್ಕರ ಸ್ವಭಾವವೂ ಬೇರೆ ಬೇರೆ. ಆದರೆ ನಾಲ್ಕರ ಅಣುವಿನಲ್ಲೂ ಎಂಟು ಕಾರ್ಬನ್, ಏಳು ಹೈಡ್ರೋಜನ್, ಒಂದು ಕ್ಲೋರಿನ್ ಮತ್ತು ಒಂದು ಆಮ್ಲಜನಕ ಪರಮಾಣುಗಳಿವೆ. ಸೂತ್ರ C₈H₇ClO. ಪರಮಾಣುಗಳು ಅವೇ, ಅವು ಜೋಡಣೆಯಾದ ರೀತಿ ಮಾತ್ರ ಬೇರೆ. ರಸಾಯನಶಾಸ್ತ್ರದಲ್ಲಿ ಇಂಥವನ್ನು ಸಮಾಂಗಿಗಳು ಎನ್ನುತ್ತಾರೆ.

ಹೆಸರಿಲ್ಲದ ಒಂದು ಮಾದರಿ ಪ್ರಯೋಗಾಲಯಕ್ಕೆ ಬಂದಿದೆ, ಅದು ಈ ನಾಲ್ಕರಲ್ಲಿ ಒಂದು ಎಂದುಕೊಳ್ಳಿ. ಯಾವುದು ಎಂದು ಹೇಳಬೇಕಾದವರ ಮುಂದೆ ಇರುವುದು ಮಾಸ್ ಸ್ಪೆಕ್ಟ್ರೋಮೀಟರ್, ಅಂದರೆ ಅಣುಗಳನ್ನು ತೂಗುವ ಯಂತ್ರ. ನಾಲ್ಕೂ ಒಂದೇ ತೂಕದವಾದ್ದರಿಂದ ತೂಗುವ ಯಂತ್ರಕ್ಕೆ ಇಲ್ಲಿ ಕೆಲಸವಿಲ್ಲ ಎಂದು ಯಾರಿಗಾದರೂ ಅನ್ನಿಸಬಹುದು. ನಿಜವಾಗಿ ಈ ಪ್ರಶ್ನೆಯನ್ನು ಬಹುಪಾಲು ಬಿಡಿಸುವುದು ಆ ಯಂತ್ರವೇ. ಅದು ಇಡೀ ಅಣುವನ್ನು ತೂಗುವುದರ ಜೊತೆಗೆ ಅಣು ಒಡೆದಾಗ ಉಳಿಯುವ ತುಣುಕುಗಳನ್ನೂ ತೂಗುತ್ತದೆ.

ಯಂತ್ರದೊಳಗೆ ನಡೆಯುವುದು ಹೀಗೆ. ಗಾಳಿಯನ್ನೆಲ್ಲ ಹೊರಗೆಳೆದು ನಿರ್ವಾತ ಮಾಡಿದ ಒಂದು ಚಿಕ್ಕ ಕೋಣೆಗೆ ಮಾದರಿಯ ಆವಿಯನ್ನು ಬಿಡುತ್ತಾರೆ. ಒಂದು ಗ್ರಾಮಿನ ಶತಕೋಟಿಯಲ್ಲಿ ಒಂದು ಪಾಲಿನಷ್ಟು ವಸ್ತುವಿದ್ದರೂ ನಡೆಯುತ್ತದೆ. ಬಿಸಿಯಾದ ತಂತಿಯಿಂದ ಹೊರಟ ಎಲೆಕ್ಟ್ರಾನುಗಳು 70 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯಲ್ಲಿ ಆ ಕೋಣೆಯನ್ನು ಹಾದುಹೋಗುತ್ತಿರುತ್ತವೆ. ಒಂದು ಎಲೆಕ್ಟ್ರಾನು ಅಣುವಿಗೆ ಬಡಿದು ಅಣುವಿನದೇ ಒಂದು ಎಲೆಕ್ಟ್ರಾನನ್ನು ಹೊರಗೆ ತಳ್ಳಿದರೆ, ಅಣುವಿಗೆ ಧನ ವಿದ್ಯುದಂಶ ಬರುತ್ತದೆ. ಅದೇ ಅಣು ಅಯಾನು. ಒಂದು ಎಲೆಕ್ಟ್ರಾನಿನ ತೂಕ ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಹಾಗಾಗಿ ಅಣು ಅಯಾನಿನ ತೂಕವೆಂದರೆ ಅಣುವಿನ ತೂಕವೇ. ವಿದ್ಯುದಂಶ ಬಂದಮೇಲೆ ಅದನ್ನು ವಿದ್ಯುತ್ ಕ್ಷೇತ್ರದಿಂದ ನಡೆಸಿ, ತೂಕಕ್ಕೆ ತಕ್ಕಂತೆ ಬೇರ್ಪಡಿಸಿ ಎಣಿಸಬಹುದು.

ಇಂಥ ಅಣುವಿನಿಂದ ಎಲೆಕ್ಟ್ರಾನನ್ನು ಕೀಳಲು ಒಂಬತ್ತು ಹತ್ತು ಎಲೆಕ್ಟ್ರಾನ್ ವೋಲ್ಟ್ ಸಾಕು. ಬಡಿತದಲ್ಲಿ ಅದಕ್ಕಿಂತ ಹೆಚ್ಚು ಶಕ್ತಿ ಅಣುವಿನೊಳಗೆ ಉಳಿದುಬಿಟ್ಟರೆ ಬಂಧಗಳು ಬಿಟ್ಟುಕೊಳ್ಳುತ್ತವೆ. ಅಯಾನು ಎರಡಾಗಿ ಒಡೆದಾಗ ವಿದ್ಯುದಂಶ ಒಂದು ತುಣುಕಿನ ಮೇಲೆ ಮಾತ್ರ ಉಳಿಯುತ್ತದೆ, ಇನ್ನೊಂದು ತುಣುಕು ಯಂತ್ರಕ್ಕೆ ಕಾಣುವುದಿಲ್ಲ. ಕಾಣದೆ ಹೋದದ್ದು ಎಷ್ಟು ತೂಕದ್ದು ಎಂಬುದನ್ನು ಕಳೆಯುವ ಲೆಕ್ಕದಿಂದ ತಿಳಿಯಬೇಕು. ಈ ವಿದ್ಯೆಯ ಅರ್ಧಭಾಗ ಈ ಕಳೆಯುವ ಲೆಕ್ಕವೇ.

ಕೊನೆಗೆ ಪರದೆಯ ಮೇಲೆ ಮೂಡುವುದು ಕಡ್ಡಿ ನಿಲ್ಲಿಸಿದಂಥ ಗೆರೆಗಳ ಸಾಲು. ಪ್ರಯೋಗಾಲಯದವರು ಇವನ್ನು ಪೀಕ್ ಎನ್ನುತ್ತಾರೆ. ಅಡ್ಡಸಾಲಿನಲ್ಲಿರುವುದು m/z, ಅಂದರೆ ತೂಕವನ್ನು ವಿದ್ಯುದಂಶದಿಂದ ಭಾಗಿಸಿದ ಸಂಖ್ಯೆ. ವಿದ್ಯುದಂಶ ಸಾಮಾನ್ಯವಾಗಿ ಒಂದೇ ಆದ್ದರಿಂದ ಅದನ್ನು ತೂಕ ಎಂದೇ ಓದಬಹುದು. ಗೆರೆಯ ಎತ್ತರವೆಂದರೆ ಆ ತೂಕದ ಅಯಾನುಗಳು ಎಷ್ಟು ಬಂದವು ಎಂಬುದು. ಎಲ್ಲಕ್ಕಿಂತ ಎತ್ತರದ ಗೆರೆಯನ್ನು 100 ಎಂದು ಹಿಡಿದು ಉಳಿದವನ್ನು ಅದಕ್ಕೆ ಹೋಲಿಸಿ ಅಳೆಯುತ್ತಾರೆ. ಆ ಎತ್ತರದ ಗೆರೆಗೆ ಬೇಸ್ ಪೀಕ್ ಎಂದು ಹೆಸರು.

ನಮ್ಮ ಮಾದರಿಯ ಸ್ಪೆಕ್ಟ್ರಮ್ಮಿನ ಬಲತುದಿಯಲ್ಲಿ 154ರಲ್ಲಿ ಒಂದು ಪೀಕ್ ಇದೆ. ಅದರ ಪಕ್ಕದಲ್ಲಿ 155ರಲ್ಲಿ ಪುಟ್ಟದೊಂದು, 156ರಲ್ಲಿ ಮೊದಲನೆಯದರ ಮೂರನೇ ಒಂದು ಭಾಗದಷ್ಟು ಎತ್ತರದ ಇನ್ನೊಂದು. ಅಲ್ಲಿಂದ ಆಚೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. 154 ಅಣು ಅಯಾನು ಇರಬೇಕು ಎಂಬುದು ಮೊದಲ ಊಹೆ. ಈ ಊಹೆಯನ್ನು ಪರೀಕ್ಷಿಸಲು ಒಂದು ಒರೆಗಲ್ಲಿದೆ. ಅಣು ಅಯಾನು ಕಳೆದುಕೊಳ್ಳಬಹುದಾದ ತುಣುಕುಗಳ ತೂಕ ರಸಾಯನಶಾಸ್ತ್ರಕ್ಕೆ ಒಪ್ಪುವಂತಿರಬೇಕು. ಒಂದು ಹೈಡ್ರೋಜನ್ ಹೋದರೆ 1 ಕಡಿಮೆಯಾಗುತ್ತದೆ, ಮೀಥೈಲ್ ಗುಂಪು ಹೋದರೆ 15. ಇವೆರಡರ ನಡುವೆ, 4ರಿಂದ 14ರವರೆಗೆ, ಒಂದೇ ಏಟಿಗೆ ಕಳಚಿಹೋಗುವಂಥ ತುಣುಕು ಸಾವಯವ ಅಣುಗಳಲ್ಲಿ ಇಲ್ಲವೆಂದೇ ಹೇಳಬಹುದು. ಬಲತುದಿಯ ಪೀಕಿಗಿಂತ 10 ಕಡಿಮೆ ತೂಕದಲ್ಲಿ ಜೋರಾದ ಪೀಕ್ ಕಂಡರೆ ನೀವು ಅಣು ಅಯಾನು ಎಂದುಕೊಂಡದ್ದು ಅಣು ಅಯಾನಲ್ಲ, ಇಲ್ಲವೇ ಮಾದರಿಯಲ್ಲಿ ಎರಡು ವಸ್ತುಗಳು ಬೆರೆತಿವೆ. ನಮ್ಮ ಮಾದರಿಯಲ್ಲಿ ಅಂಥ ತೊಡಕಿಲ್ಲ.

ಇನ್ನು ಆ 154 ಮತ್ತು 156ರ ಜೋಡಿ. ಇದರ ಹಿಂದೆ ನೂರು ವರ್ಷ ಹಳೆಯ ಒಂದು ಸ್ವಾರಸ್ಯವಿದೆ. ಕ್ಲೋರಿನ್ನಿನ ಪರಮಾಣು ತೂಕ ಸುಮಾರು 35.5 ಎಂಬುದು ಹತ್ತೊಂಬತ್ತನೇ ಶತಮಾನದ ರಸಾಯನಜ್ಞರನ್ನು ಬಹಳ ಕಾಡಿತ್ತು. ಬೇರೆ ಎಷ್ಟೋ ಧಾತುಗಳ ತೂಕ ಪೂರ್ಣ ಸಂಖ್ಯೆಗೆ ಹತ್ತಿರವಿರುವಾಗ ಇದೊಂದು ಏಕೆ ಅರ್ಧಕ್ಕೆ ನಿಂತಿದೆ? ಕೇಂಬ್ರಿಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿ ಫ್ರಾನ್ಸಿಸ್ ಆಸ್ಟನ್ 1919ರಲ್ಲಿ ಕಟ್ಟಿದ ಉಪಕರಣ ಇದಕ್ಕೆ ಉತ್ತರ ಕೊಟ್ಟಿತು. 35.5 ತೂಕದ ಕ್ಲೋರಿನ್ ಪರಮಾಣು ಜಗತ್ತಿನಲ್ಲಿ ಒಂದೂ ಇಲ್ಲ. ಇರುವುದು 35 ತೂಕದವು ಮತ್ತು 37 ತೂಕದವು, ಹೆಚ್ಚುಕಡಿಮೆ ಮೂರಕ್ಕೆ ಒಂದರ ಪ್ರಮಾಣದಲ್ಲಿ. ತಕ್ಕಡಿ ತೋರಿಸುತ್ತಿದ್ದದ್ದು ಇವುಗಳ ಸರಾಸರಿ. ಆಸ್ಟನ್ನರಿಗೆ 1922ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

ಒಂದೇ ಧಾತುವಿನ ಇಂಥ ಬೇರೆ ತೂಕದ ಪರಮಾಣುಗಳೇ ಐಸೊಟೋಪುಗಳು. ಮಾಸ್ ಸ್ಪೆಕ್ಟ್ರೋಮೀಟರ್ ಒಂದೊಂದೇ ಅಣುವನ್ನು ಬೇರೆಯಾಗಿ ತೂಗುವುದರಿಂದ ಅದರಲ್ಲಿ ಸರಾಸರಿಯ ಮಾತಿಲ್ಲ. ಅಣುವಿನಲ್ಲಿ ಒಂದು ಕ್ಲೋರಿನ್ ಇದ್ದರೆ ಎರಡು ಅಂತರದಲ್ಲಿ ಅವಳಿ ಪೀಕ್‌ಗಳು ಬರುತ್ತವೆ, ಮೊದಲನೆಯದು 100 ಇದ್ದರೆ ಎರಡನೆಯದು ಸುಮಾರು 32. ಬ್ರೋಮಿನ್ ಇದ್ದಿದ್ದರೆ ಅವಳಿಗಳು ಸರಿಸುಮಾರು ಸಮ ಎತ್ತರದವಾಗಿರುತ್ತಿದ್ದವು, ಅದರ 79 ಮತ್ತು 81 ತೂಕದ ಪರಮಾಣುಗಳು ಪ್ರಕೃತಿಯಲ್ಲಿ ಹೆಚ್ಚುಕಡಿಮೆ ಅರ್ಧರ್ಧ ಇವೆ. ಗಂಧಕವಿದ್ದರೆ ಎರಡನೆಯದು ನಾಲ್ಕೂವರೆ ದಾಟುವುದಿಲ್ಲ. ಹಾಗಾಗಿ ನಮ್ಮ ಮಾದರಿಯ ಅಣುವಿನಲ್ಲಿ ಒಂದು ಕ್ಲೋರಿನ್ ಇದೆ ಎಂಬುದು ನೋಡಿದ ಕೂಡಲೇ ಖಚಿತ.

155ರ ಪುಟ್ಟ ಪೀಕ್ ಹೇಳುವುದು ಕಾರ್ಬನ್ನಿನ ಲೆಕ್ಕ. ಪ್ರಕೃತಿಯಲ್ಲಿ ನೂರು ಕಾರ್ಬನ್ ಪರಮಾಣುಗಳಲ್ಲಿ ಸುಮಾರು ಒಂದು 12ರ ಬದಲು 13 ತೂಗುತ್ತದೆ. ಆದ್ದರಿಂದ ಅಣುವಿನ ಪ್ರತಿ ಕಾರ್ಬನ್ನಿಗೂ ಮುಂದಿನ ಪೀಕ್ 1.1 ಪ್ರತಿಶತದಷ್ಟು ಬೆಳೆಯುತ್ತದೆ. 154 ಅನ್ನು 100 ಎಂದು ಹಿಡಿದಾಗ 155 ಸುಮಾರು 8.8 ಬಂದರೆ, ಭಾಗಿಸಿ ನೋಡಿ, ಎಂಟು ಕಾರ್ಬನ್. ಒಟ್ಟು 154ರಲ್ಲಿ ಕ್ಲೋರಿನ್ನಿನ 35 ಹೋದರೆ 119. ಎಂಟು ಕಾರ್ಬನ್ನಿನ 96 ಹೋದರೆ ಉಳಿದದ್ದು 23. ಅದು ಒಂದು ಆಮ್ಲಜನಕ ಮತ್ತು ಏಳು ಹೈಡ್ರೋಜನ್‌ಗೆ ಸರಿಹೋಗುತ್ತದೆ.

ಇಲ್ಲಿ ತೃಪ್ತಿಪಟ್ಟು ನಿಲ್ಲುವುದು ಅಪಾಯ. 8.8 ಎಂಬ ಅಳತೆ ಒಂದು ಅಂಶ ಮೇಲೆಕೆಳಗೆ ಆಗುವುದು ದಿನನಿತ್ಯದ ಮಾತು. ಅದು ನಿಜದಲ್ಲಿ 9.9 ಆಗಿದ್ದರೆ ಒಂಬತ್ತು ಕಾರ್ಬನ್, ಆಗ C₉H₁₁Cl ಎಂಬ ಸೂತ್ರವೂ 154ಕ್ಕೇ ಬಂದು ನಿಲ್ಲುತ್ತದೆ. ಸಾರಜನಕದ ಸಾಧ್ಯತೆಯನ್ನೂ ಮರೆಯಬಾರದು. ಸಾಮಾನ್ಯ ಸಾವಯವ ಅಣುವಿನಲ್ಲಿ ಸಾರಜನಕದ ಸಂಖ್ಯೆ ಬೆಸವಾಗಿದ್ದರೆ ಅಣುತೂಕವೂ ಬೆಸವಾಗಿರುತ್ತದೆ. 154 ಸಮಸಂಖ್ಯೆಯಾದ್ದರಿಂದ ಒಂದು ಸಾರಜನಕ ಇರಲಾರದು. ಆದರೆ ಎರಡಕ್ಕೆ ಅಡ್ಡಿಯಿಲ್ಲ, C₇H₇ClN₂ ಕೂಡ 154 ತೂಗುತ್ತದೆ. ಮಾದರಿಯನ್ನು ಯಂತ್ರಕ್ಕೆ ಹೆಚ್ಚು ಸುರಿದಾಗ ಇನ್ನೊಂದು ತೊಂದರೆಯೂ ಆಗುತ್ತದೆ. ಒತ್ತೊತ್ತಾದ ಅಣುಗಳು ಒಂದಕ್ಕೊಂದು ಹೈಡ್ರೋಜನ್ ದಾಟಿಸಿಬಿಟ್ಟು 155 ಸುಳ್ಳಾಗಿ ಎತ್ತರವಾಗುತ್ತದೆ, ಇಲ್ಲದ ಕಾರ್ಬನ್ನುಗಳು ಲೆಕ್ಕಕ್ಕೆ ಬರುತ್ತವೆ. ಮಾದರಿಯನ್ನು ತೆಳುಮಾಡಿ ಮತ್ತೆ ಓಡಿಸಿದಾಗ 155 ಇಳಿದರೆ ಆಗಿದ್ದು ಇದೇ ಎಂದು ತಿಳಿಯಬಹುದು.

ಈ ಮೂರು ಸೂತ್ರಗಳ ಜಗಳ ಬಿಡಿಸಲು ಹೆಚ್ಚು ಸೂಕ್ಷ್ಮವಾಗಿ ತೂಗುವ ಯಂತ್ರಗಳಿವೆ. ಪರಮಾಣುಗಳ ತೂಕ ನಿಜಕ್ಕೂ ಪೂರ್ಣ ಸಂಖ್ಯೆಯಲ್ಲ. ಹೈಡ್ರೋಜನ್ 1.0078, ಆಮ್ಲಜನಕ 15.9949. ಈ ಸಣ್ಣಪುಟ್ಟ ಹೆಚ್ಚುಕಡಿಮೆಗಳನ್ನು ಕೂಡಿಸಿದರೆ C₈H₇ClO 154.019 ತೂಗಬೇಕು, ಎರಡು ಸಾರಜನಕದ ಅಣು 154.030, ಒಂಬತ್ತು ಕಾರ್ಬನ್ನಿನದು 154.055. ಮೂರನೇ ದಶಾಂಶವನ್ನು ನಂಬಬಹುದಾದ ಯಂತ್ರ ಇವನ್ನು ಸುಲಭವಾಗಿ ಬೇರ್ಪಡಿಸುತ್ತದೆ.

ಸೂತ್ರ ಸಿಕ್ಕಿತು. ಅದನ್ನು ಹಿಡಿದು ಇನ್ನೊಂದು ಹೆಜ್ಜೆ ಇಡಬಹುದು. ಎಂಟು ಕಾರ್ಬನ್ನುಗಳ ಸರಪಳಿಗೆ ಎಲ್ಲ ಕೈಗಳೂ ತುಂಬುವಂತೆ ಹೈಡ್ರೋಜನ್ ಸೇರಿಸಿದರೆ 18 ಬೇಕು. ನಮ್ಮಲ್ಲಿ ಏಳು ಹೈಡ್ರೋಜನ್, ಒಂದು ಕ್ಲೋರಿನ್, ಒಟ್ಟು ಎಂಟು. ಹತ್ತು ಕಡಿಮೆ. ಪ್ರತಿಯೊಂದು ದ್ವಿಬಂಧವೂ ಪ್ರತಿಯೊಂದು ಉಂಗುರವೂ ಎರಡೆರಡನ್ನು ಕಡಿಮೆ ಮಾಡುತ್ತದೆ, ಹಾಗಾದರೆ ಅಂಥವು ಐದು ಇರಬೇಕು. ಬೆಂಜೀನ್ ಉಂಗುರವೊಂದೇ ನಾಲ್ಕನ್ನು ತಿನ್ನುತ್ತದೆ. ಉಳಿದ ಒಂದು ಕಾರ್ಬನ್ ಮತ್ತು ಆಮ್ಲಜನಕದ ನಡುವಿನ ದ್ವಿಬಂಧ ಇರಬಹುದು. ಒಳ್ಳೆಯ ಊಹೆ. ಆದರೆ ನಮ್ಮ ನಾಲ್ಕೂ ಅಣುಗಳಲ್ಲಿ ಬೆಂಜೀನ್ ಉಂಗುರವೂ ಇದೆ, ಆ ದ್ವಿಬಂಧವೂ ಇದೆ. ಇಲ್ಲಿಂದ ಮುಂದಕ್ಕೆ ಅಣು ಅಯಾನಿನ ಸಹಾಯ ಮುಗಿಯಿತು, ಇನ್ನು ತುಣುಕುಗಳನ್ನೇ ಕೇಳಬೇಕು.

ಅಣು ಎಲ್ಲೆಂದರಲ್ಲಿ ಒಡೆಯುವುದಿಲ್ಲ. ಒಡೆದಮೇಲೆ ವಿದ್ಯುದಂಶವನ್ನು ಹೊತ್ತು ನೆಮ್ಮದಿಯಾಗಿ ಉಳಿಯಬಲ್ಲ ತುಣುಕು ಎಲ್ಲಿ ಸಿಗುವುದೋ ಅಲ್ಲಿ ಒಡೆಯುತ್ತದೆ. ಕಾರ್ಬನ್ ಆಮ್ಲಜನಕದ ದ್ವಿಬಂಧವಿರುವ ಅಣುಗಳಲ್ಲಿ ಬಂಧ ಕಡಿದುಹೋಗುವುದು ಆ ಕಾರ್ಬನ್ನಿನ ಪಕ್ಕದಲ್ಲೇ. ಉಳಿಯುವ ತುಣುಕಿನಲ್ಲಿ ಕಾರ್ಬನ್ ಮತ್ತು ಆಮ್ಲಜನಕ ವಿದ್ಯುದಂಶವನ್ನು ಹಂಚಿಕೊಳ್ಳುತ್ತವೆ, ಅದಕ್ಕೆ ಅಸೈಲಿಯಂ ಅಯಾನು ಎಂದು ಹೆಸರು. ಬೆಂಜೀನ್ ಉಂಗುರಕ್ಕೆ ಅಂಟಿಕೊಂಡಿದ್ದರಂತೂ ಅದು ಇನ್ನಷ್ಟು ಗಟ್ಟಿ. ಮುಂದಿನ ಹಂತದಲ್ಲಿ ಅದರಿಂದ ಕಾರ್ಬನ್ ಮಾನಾಕ್ಸೈಡ್ ಜಾರಿಹೋಗಿ 28 ಕಡಿಮೆಯಾಗುತ್ತದೆ.

4-ಕ್ಲೋರೋಅಸಿಟೋಫಿನೋನಿನಲ್ಲಿ ಉಂಗುರದ ಒಂದು ತುದಿಗೆ ಕ್ಲೋರಿನ್ ಇದೆ, ಎದುರು ತುದಿಯಲ್ಲಿ ದ್ವಿಬಂಧದ ಕಾರ್ಬನ್, ಅದರಾಚೆ ಮೀಥೈಲ್ ಗುಂಪು. ಮೀಥೈಲ್ ಕಳಚಿದರೆ 154ರಲ್ಲಿ 15 ಹೋಗಿ 139, ಅದೇ ಬೇಸ್ ಪೀಕ್. ಅಲ್ಲಿಂದ 28 ಹೋದರೆ 111. ಅಲ್ಲಿಂದ ಹೈಡ್ರೋಜನ್ ಕ್ಲೋರೈಡ್ 36 ಹೋದರೆ 75. ಅಶ್ರುವಾಯುವಿನಲ್ಲಿ ಕ್ಲೋರಿನ್ ಇರುವುದು ಉಂಗುರದ ಮೇಲಲ್ಲ, ದ್ವಿಬಂಧದ ಆಚೆ ಬದಿಯ ಕಾರ್ಬನ್ನಿನ ಮೇಲೆ. ಅದೇ ಜಾಗದಲ್ಲಿ ಕಡಿದರೆ ಕ್ಲೋರಿನ್ ಹೊತ್ತ 49 ತೂಕದ ತುಣುಕು ಹೊರಟುಹೋಗಿ 105 ಉಳಿಯುತ್ತದೆ. ಅದರಿಂದ 28 ಹೋಗಿ 77, ಆಮೇಲೆ ಅಸಿಟಿಲೀನ್ 26 ಹೋಗಿ 51. 4-ಮೀಥೈಲ್‌ಬೆಂಜಾಯ್ಲ್ ಕ್ಲೋರೈಡಿನಲ್ಲಿ ಕ್ಲೋರಿನ್ ನೇರವಾಗಿ ದ್ವಿಬಂಧದ ಕಾರ್ಬನ್ನಿಗೇ ಅಂಟಿದೆ. ಅದು 35 ತೂಕದ ಒಂಟಿ ಕ್ಲೋರಿನ್ನನ್ನು ಬಿಸುಟು 119 ಆಗುತ್ತದೆ, ಆಮೇಲೆ 91. ಫಿನೈಲ್‌ಅಸಿಟೈಲ್ ಕ್ಲೋರೈಡು ಬೇರೆ ದಾರಿ ಹಿಡಿಯುತ್ತದೆ. ಅಲ್ಲಿ ಉಂಗುರಕ್ಕೂ ದ್ವಿಬಂಧಕ್ಕೂ ನಡುವೆ ಒಂದು ಕಾರ್ಬನ್ ಇರುವುದರಿಂದ 63 ತೂಕದ ಭಾಗ ಇಡಿಯಾಗಿ ಹೋಗಿ ನೇರ 91ಕ್ಕೆ ಇಳಿಯುತ್ತದೆ. ಈ 91 ಬಹಳ ಗಟ್ಟಿಯಾದ ಅಯಾನು, ಉಂಗುರಕ್ಕೆ ಇಂಥ ಕಾರ್ಬನ್ ಸೇರಿರುವ ಅಣುಗಳಲ್ಲೆಲ್ಲ ಅದು ತಲೆಯೆತ್ತುತ್ತದೆ. ಕೊನೆಯ ಎರಡೂ ಸ್ಪೆಕ್ಟ್ರಮ್ಮುಗಳಲ್ಲಿ 91 ಇದ್ದರೂ 119 ಜೋರಾಗಿದೆಯೋ ಇಲ್ಲವೋ ಎಂಬುದು ಅವನ್ನು ಬೇರೆ ಮಾಡುತ್ತದೆ.

ನಮ್ಮ ಮಾದರಿಯಲ್ಲಿ ಕಂಡದ್ದು 139, 111, 75. ಉತ್ತರ ಸಿಕ್ಕಂತಾಯಿತು. ಆದರೂ ಇಲ್ಲೊಂದು ಪರೀಕ್ಷೆ ಬಾಕಿ ಇದೆ. ಈ ಇಡೀ ವಿದ್ಯೆಯಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಅದೇ. ಐಸೊಟೋಪಿನ ಅವಳಿಗುರುತು ಅಣು ಅಯಾನಿಗಷ್ಟೇ ಮೀಸಲಲ್ಲ. ಕ್ಲೋರಿನ್ ಯಾವ ತುಣುಕಿನಲ್ಲಿ ಉಳಿದಿದೆಯೋ ಆ ತುಣುಕೂ ಅವಳಿಯಾಗಿಯೇ ಕಾಣಬೇಕು. 139ರ ಪಕ್ಕ 141 ಇದೆ, ಮೂರನೇ ಒಂದರಷ್ಟು ಎತ್ತರ. 111ರ ಪಕ್ಕ 113 ಇದೆ, ಅದೇ ಪ್ರಮಾಣ. 75ರ ಪಕ್ಕ 77ರಲ್ಲಿ ಅಂಥ ಜೋಡಿ ಇಲ್ಲ, ಏಕೆಂದರೆ ಕ್ಲೋರಿನ್ ಅಲ್ಲಿಗೆ ಬರುವ ಮುಂಚೆಯೇ ಹೊರಟುಹೋಗಿದೆ. ಅಂದರೆ ಮೀಥೈಲ್ ಹೋದಾಗಲೂ ಕಾರ್ಬನ್ ಮಾನಾಕ್ಸೈಡ್ ಹೋದಾಗಲೂ ಕ್ಲೋರಿನ್ ಹೋಗಲಿಲ್ಲ, ಅದು ಉಂಗುರದ ಮೇಲೆಯೇ ಕೂತಿದೆ. ಅಶ್ರುವಾಯುವಿನ 105, 77 ಮತ್ತು 51ರಲ್ಲಿ ಒಂದಕ್ಕೂ ಅವಳಿಯಿಲ್ಲ. ಕ್ಲೋರಿನ್ನಿನ ಸ್ಥಾನವನ್ನು ಇದಕ್ಕಿಂತ ನೇರವಾಗಿ ತೋರಿಸುವ ಸಾಕ್ಷಿ ಬೇರೆ ಬೇಕಿಲ್ಲ.

ನಾಲ್ಕೇ ಸಮಾಂಗಿಗಳೆಂದು ನಾನು ಹಿಡಿದದ್ದು ಅನುಕೂಲಕ್ಕೆ. ಈ ಸೂತ್ರಕ್ಕೆ ಇನ್ನೂ ಹಲವು ರಚನೆಗಳಿವೆ. ಉಂಗುರಕ್ಕೆ ನೇರವಾಗಿ ಆಲ್ಡಿಹೈಡ್ ಗುಂಪು ಸೇರಿದ್ದರೆ ಒಂದೇ ಹೈಡ್ರೋಜನ್ ಹೋಗಿ 153 ಜೋರಾಗಿ ಕಾಣುತ್ತಿತ್ತು. ಕ್ಲೋರಿನ್ನುಳ್ಳ ಉಂಗುರಕ್ಕೂ ಆಲ್ಡಿಹೈಡಿಗೂ ನಡುವೆ ಒಂದು ಕಾರ್ಬನ್ ಇದ್ದಿದ್ದರೆ 29 ಹೋಗಿ 125, 127ರ ಅವಳಿ ಬರುತ್ತಿತ್ತು. ಇವು ಎರಡೂ ಇಲ್ಲ ಎಂಬುದನ್ನು ನೋಡಿಯೇ ಮುಂದೆ ಹೋಗಬೇಕು. ಇರುವ ಪೀಕ್‌ಗಳಷ್ಟೇ ಇಲ್ಲದ ಪೀಕ್‌ಗಳೂ ಸಾಕ್ಷಿ.

ಎಡವಲು ಜಾಗಗಳು ಬೇಕಾದಷ್ಟಿವೆ. ಫೆನಾಸಿಲ್ ಕ್ಲೋರೈಡ್ ಎಷ್ಟು ಸಲೀಸಾಗಿ ಒಡೆಯುತ್ತದೆಂದರೆ ಅದರ 154ರ ಪೀಕ್ ತೀರಾ ಕುಳ್ಳಾಗಿರುತ್ತದೆ. ಕ್ಲೋರಿನ್ನಿನ ಅವಳಿಗುರುತು ಉಳಿದಿರುವುದೂ ಅಲ್ಲಿ ಮಾತ್ರ. ಮಾದರಿ ಕಡಿಮೆಯಿದ್ದು ಆ ಪೀಕ್ ಹಿನ್ನೆಲೆಯ ಗದ್ದಲದಲ್ಲಿ ಮುಳುಗಿದರೆ, ಪರದೆಯ ಮೇಲೆ 105, 77, 51 ಮಾತ್ರ ಉಳಿಯುತ್ತವೆ. ಕ್ಲೋರಿನ್ನೇ ಇಲ್ಲದ ಎಷ್ಟೋ ಸಾಧು ಸಂಯುಕ್ತಗಳೂ ಇದೇ ಮೂರನ್ನು ಕೊಡುತ್ತವೆ. ಆಗ ಅಶ್ರುವಾಯು ಕಣ್ತಪ್ಪಿ ಹೋಗುತ್ತದೆ. ಅದಕ್ಕಾಗಿಯೇ ಅಣುವನ್ನು ಬಡಿದು ಒಡೆಯದೆ, ಮೀಥೇನಿನಂಥ ಅನಿಲದ ಅಯಾನುಗಳಿಂದ ಒಂದು ಪ್ರೋಟಾನನ್ನು ಮೆಲ್ಲಗೆ ಅಂಟಿಸುವ ವಿಧಾನವಿದೆ. ಅದರಲ್ಲಿ ಅಣು ಇಡಿಯಾಗಿ ಉಳಿಯುವ ಸಂಭವ ಹೆಚ್ಚು, ಒಂದು ಹೆಚ್ಚಿನ ತೂಕದಲ್ಲಿ 155, 157ರ ಅವಳಿಯನ್ನು ಹುಡುಕಬಹುದು.

105 ಎಂಬ ಸಂಖ್ಯೆಯೂ ಒಂದೇ ಅರ್ಥದ್ದಲ್ಲ. ಬೆಂಜೀನ್ ಉಂಗುರ, ಕಾರ್ಬನ್, ಆಮ್ಲಜನಕ ಸೇರಿದ ತುಣುಕು 105 ತೂಗುತ್ತದೆ. ಆಮ್ಲಜನಕವೇ ಇಲ್ಲದ C₈H₉ ಕೂಡ 105. ಮೇಲೆ ಹೇಳಿದ C₉H₁₁Cl ಸೂತ್ರದ ಕೆಲವು ಅಣುಗಳು 49 ಕಳೆದುಕೊಂಡು ಈ ಎರಡನೆಯ 105 ಕೊಡಬಲ್ಲವು. ಅವುಗಳ ಮುಂದಿನ ನಡೆಯನ್ನು ನೋಡಿದರೆ ಗುಟ್ಟು ಬಯಲಾಗುತ್ತದೆ. ಆಮ್ಲಜನಕವಿದ್ದದ್ದು 28 ಕಳೆದುಕೊಂಡು 77ಕ್ಕೆ ಇಳಿಯುತ್ತದೆ, ಇಲ್ಲದ್ದು 26 ಕಳೆದುಕೊಂಡು 79ಕ್ಕೂ ಇಳಿಯುತ್ತದೆ. ಸೂಕ್ಷ್ಮ ಯಂತ್ರವಿದ್ದರೆ 105.034 ಮತ್ತು 105.070 ಎಂದು ನೇರವಾಗಿಯೇ ಓದಬಹುದು.

ಇನ್ನೊಂದು ಎಡವಟ್ಟು ಯಂತ್ರದೊಳಗೆ ಹೋಗುವ ಮುಂಚೆಯೇ ಆಗುವಂಥದ್ದು. ನಮ್ಮ ಪಟ್ಟಿಯ ಕೊನೆಯ ಎರಡು ವಸ್ತುಗಳು ಆಮ್ಲ ಕ್ಲೋರೈಡುಗಳು, ನೀರು ಅಥವಾ ಆಲ್ಕೋಹಾಲ್ ಕಂಡರೆ ಕೂಡಲೇ ವರ್ತಿಸುತ್ತವೆ. ಅವನ್ನು ಮೆಥನಾಲಿನಲ್ಲಿ ಕರಗಿಸಿದರೆ ಕ್ಲೋರಿನ್ ಹೋಗಿ ಮೀಥೈಲ್ ಎಸ್ಟರ್ ಆಗಿಬಿಡುತ್ತದೆ. ಆಗ 4-ಮೀಥೈಲ್‌ಬೆಂಜಾಯ್ಲ್ ಕ್ಲೋರೈಡಿನ ಮಾದರಿ 119 ಮತ್ತು 91 ಅನ್ನು ಮೊದಲಿನಂತೆಯೇ ತೋರಿಸುತ್ತದೆ, ಆದರೆ ಬಲತುದಿಯಲ್ಲಿ 154ರ ಅವಳಿಯ ಬದಲು 150ರಲ್ಲಿ ಒಂಟಿ ಪೀಕ್ ನಿಂತಿರುತ್ತದೆ. 150ರಿಂದ 119ಕ್ಕೆ ಹೋದದ್ದು 31, ಅದು ಮೆಥನಾಲಿನಿಂದ ಬಂದ ಮೀಥಾಕ್ಸಿ ಗುಂಪಿನ ತೂಕ. ಯಂತ್ರ ಸುಳ್ಳು ಹೇಳಿಲ್ಲ. ಬಾಟಲಿಯಲ್ಲಿದ್ದದ್ದನ್ನು ದ್ರಾವಕ ಬದಲಿಸಿದೆ. ಹಾಗಾಗಿ ಮಾದರಿಯನ್ನು ಯಾವುದರಲ್ಲಿ ಕರಗಿಸಿದರು ಎಂದು ಕೇಳದೆ ಸ್ಪೆಕ್ಟ್ರಮ್ ಓದಲು ಕೂರಬಾರದು.

ಇಂದು ಯಂತ್ರದ ಜೊತೆ ಬರುವ ಕಂಪ್ಯೂಟರಿನಲ್ಲಿ ಲಕ್ಷಗಟ್ಟಲೆ ಸ್ಪೆಕ್ಟ್ರಮ್ಮುಗಳ ಭಂಡಾರ ಇರುತ್ತದೆ. ಬಂದದ್ದನ್ನು ಅದು ಕ್ಷಣದಲ್ಲಿ ಹೋಲಿಸಿ ಹೆಸರು ಹೇಳುತ್ತದೆ. ನಮ್ಮ ಮಾದರಿಯನ್ನು ಕೊಟ್ಟರೆ ಮೇಲಿನ ಸಾಲುಗಳಲ್ಲಿ ಕ್ಲೋರೋಅಸಿಟೋಫಿನೋನ್ ಬರುತ್ತದೆ, ಆದರೆ ಒಂದಲ್ಲ, ಮೂರು: 2-, 3- ಮತ್ತು 4-. ಕ್ಲೋರಿನ್ ಉಂಗುರದ ಮೇಲೆ ಪಕ್ಕದ ಮೂಲೆಯಲ್ಲಿದೆಯೋ, ಒಂದು ಮೂಲೆ ಬಿಟ್ಟು ಇದೆಯೋ, ನೇರ ಎದುರಿಗಿದೆಯೋ ಎಂಬುದಷ್ಟೇ ಅವುಗಳ ವ್ಯತ್ಯಾಸ. ಮೂರೂ 139, 111, 75 ಎಂದೇ ಒಡೆಯುತ್ತವೆ. ಎತ್ತರಗಳಲ್ಲಿ ಇರುವ ಅಲ್ಪಸ್ವಲ್ಪ ಭೇದ ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋದರೆ ತಾನೇ ಬದಲಾಗುವಂಥದ್ದು. ಭಂಡಾರ ಮೊದಲು ತೋರಿಸಿದ ಹೆಸರನ್ನು ವರದಿಯಲ್ಲಿ ಹಾಗೆಯೇ ಬರೆದುಬಿಡುವುದು ಈ ಹಂತದಲ್ಲಿ ತಪ್ಪು. ಸ್ಪೆಕ್ಟ್ರಮ್ಮಿನ ಬಲದಿಂದ ಪ್ರಾಮಾಣಿಕವಾಗಿ ಹೇಳಬಹುದಾದದ್ದು ಇಷ್ಟು: ಉಂಗುರದ ಮೇಲೆ ಕ್ಲೋರಿನ್ ಇರುವ ಅಸಿಟೋಫಿನೋನ್, ಸ್ಥಾನ ತಿಳಿದಿಲ್ಲ.

ಸ್ಥಾನ ತಿಳಿಯಲು ಎರಡು ದಾರಿಗಳಿವೆ. ಮಾದರಿ ಮಾಸ್ ಸ್ಪೆಕ್ಟ್ರೋಮೀಟರಿಗೆ ಬರುವುದು ಸಾಮಾನ್ಯವಾಗಿ ಗ್ಯಾಸ್ ಕ್ರೊಮ್ಯಾಟೋಗ್ರಾಫಿನ ಉದ್ದನೆಯ ತೆಳು ಕೊಳವೆಯನ್ನು ದಾಟಿ. ಸೂಕ್ತ ಕೊಳವೆಯಿದ್ದರೆ ಈ ಮೂರು ಅಣುಗಳು ಅದನ್ನು ದಾಟಲು ಬೇರೆ ಬೇರೆ ಸಮಯ ತೆಗೆದುಕೊಳ್ಳುತ್ತವೆ. ಶುದ್ಧವಾದ ಮೂರನ್ನೂ ಕೊಂಡು ತಂದು, ಅದೇ ದಿನ ಅದೇ ಕೊಳವೆಯಲ್ಲಿ ಓಡಿಸಿ, ನಮ್ಮ ಮಾದರಿಯ ಸಮಯ ಯಾವುದಕ್ಕೆ ಕೂಡಿಬರುತ್ತದೆ ಎಂದು ನೋಡಬೇಕು. ಮಾದರಿ ಕೆಲವು ಮಿಲಿಗ್ರಾಂ ಇದ್ದರೆ ಎನ್‌ಎಂಆರ್ ಎಂಬ ಇನ್ನೊಂದು ಯಂತ್ರಕ್ಕೆ ಕೊಡಬಹುದು. ಅದು ಉಂಗುರದ ನಾಲ್ಕು ಹೈಡ್ರೋಜನ್‌ಗಳ ಸುತ್ತಲಿನ ಪರಿಸರವನ್ನು ತೋರಿಸುತ್ತದೆ. ಕ್ಲೋರಿನ್ ನೇರ ಎದುರಿಗಿದ್ದರೆ ಮಾತ್ರ ಆ ನಾಲ್ಕೂ ಎರಡೆರಡರ ಎರಡು ಸಮಜೋಡಿಗಳಾಗಿ ಕಾಣುತ್ತವೆ, ಉಳಿದ ಎರಡು ಸಮಾಂಗಿಗಳಲ್ಲಿ ನಾಲ್ಕೂ ಬೇರೆ ಬೇರೆ. ಆ ಎರಡು ಜೋಡಿಗಳು ಕಂಡಮೇಲೆಯೇ ವರದಿಯಲ್ಲಿ ಹೆಸರಿನ ಮುಂದೆ 4 ಎಂದು ಬರೆಯುವುದು.